ಹಳದಿ ಕಫದ ಕೆಮ್ಮು: ಬಣ್ಣ ನೋಡುವುದಕ್ಕಿಂತ ಉಸಿರು ಎಣಿಸಿ



ನೆಗಡಿಯಾಗಿ ಮೂರ್ನಾಲ್ಕು ದಿನ ಕಳೆದ ಮೇಲೆ ಕೆಮ್ಮು ಎದೆಗಿಳಿದು ಹಳದಿ ಕಫ ಬರತೊಡಗಿದರೆ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. "ಹಳದಿ ಬಂತಲ್ಲ, ಆಂಟಿಬಯೋಟಿಕ್ ತಗೋ" ಎಂದು ಒಬ್ಬರು, "ಕಫ ಹೊರಗೆ ಬರ್ತಾ ಇದೆಯಲ್ಲ, ತಾನಾಗಿ ಹೋಗುತ್ತೆ" ಎಂದು ಇನ್ನೊಬ್ಬರು. ಇಬ್ಬರೂ ನೋಡುತ್ತಿರುವುದು ಕಫವನ್ನೇ. ಆದರೆ ನ್ಯುಮೋನಿಯಾ ಆಗಿದೆಯೋ ಇಲ್ಲವೋ ಎಂಬುದನ್ನು ಕಫದ ಬಣ್ಣ ಹೇಳುವುದಿಲ್ಲ. ಅದರ ಸುಳಿವು ಸಿಗುವುದು ಉಸಿರಾಟದಲ್ಲಿ, ಜ್ವರದಲ್ಲಿ ಮತ್ತು ರೋಗಿಯ ಒಟ್ಟು ಸ್ಥಿತಿಯಲ್ಲಿ. ಇಲ್ಲಿ ಬರೆದಿರುವುದು ವಯಸ್ಕರಿಗೆ ಮಾತ್ರ. ಮಕ್ಕಳ ಲೆಕ್ಕ ಬೇರೆ.

ಕಫ ಹಳದಿಯಾಗುವುದೇಕೆ?

ಸೋಂಕಿನೊಡನೆ ಹೋರಾಡಲು ನಮ್ಮ ಬಿಳಿ ರಕ್ತಕಣಗಳು ಶ್ವಾಸನಾಳಕ್ಕೆ ಬರುತ್ತವೆ. ಅವು ಸತ್ತಾಗ ಅವುಗಳೊಳಗಿನ ಕಿಣ್ವ ಕಫಕ್ಕೆ ಸೇರಿ ಹಳದಿ ಅಥವಾ ಹಸಿರು ಬಣ್ಣ ಕೊಡುತ್ತದೆ. ಸೋಂಕು ವೈರಸ್‌ನಿಂದ ಬಂದಿದ್ದರೂ ಬ್ಯಾಕ್ಟೀರಿಯಾದಿಂದ ಬಂದಿದ್ದರೂ ಹೀಗೆಯೇ ಆಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಇಂಥ ಕೆಮ್ಮು ಹೆಚ್ಚಾಗಿ ಬ್ರಾಂಕೈಟಿಸ್, ಅಂದರೆ ಶ್ವಾಸನಾಳದ ಉರಿಯೂತ. ಅದಕ್ಕೆ ಬಹುಪಾಲು ವೈರಸ್ ಕಾರಣವಾದ್ದರಿಂದ ಆಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಜ್ವರ ಕೆಲವೇ ದಿನಗಳಲ್ಲಿ ಇಳಿದರೂ ಕೆಮ್ಮು ಸುಮಾರು ಮೂರು ವಾರ ಉಳಿಯಬಹುದು.

ನ್ಯುಮೋನಿಯಾದಲ್ಲಿ ಸೋಂಕು ಇನ್ನೂ ಕೆಳಗಿಳಿದು, ಗಾಳಿ ತುಂಬಬೇಕಾದ ಶ್ವಾಸಕೋಶದ ಸಣ್ಣ ಚೀಲಗಳಲ್ಲಿ ಕೀವು, ನೀರು ತುಂಬುತ್ತದೆ. ಆ ಭಾಗದಿಂದ ರಕ್ತಕ್ಕೆ ಆಮ್ಲಜನಕ ಸರಿಯಾಗಿ ಸಿಗುವುದಿಲ್ಲ. ಆ ಕೊರತೆ ತುಂಬಲು ದೇಹ ಉಸಿರನ್ನು ಬೇಗಬೇಗ ಎಳೆಯುತ್ತದೆ. ಆದ್ದರಿಂದ ಮನೆಯಲ್ಲಿ ನೋಡಬಹುದಾದ ಮುಖ್ಯ ಗುರುತು ಉಸಿರಿನ ವೇಗ.

ಉಸಿರು ಎಣಿಸುವುದು ಹೇಗೆ?

ರೋಗಿ ಹತ್ತು ನಿಮಿಷ ಸುಮ್ಮನೆ ಕುಳಿತಿರಲಿ. ಕೆಮ್ಮಿದ ಕೂಡಲೇ, ಮೆಟ್ಟಿಲು ಹತ್ತಿದ ಕೂಡಲೇ ಎಣಿಸಬೇಡಿ. ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು ಎದೆಯನ್ನು ಗಮನಿಸಿ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ವಯಸ್ಕರಲ್ಲಿ 12ರಿಂದ 20 ಸಹಜ. 24 ದಾಟಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. 30 ಅಥವಾ ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಜ್ವರವನ್ನು ಥರ್ಮಾಮೀಟರ್‌ನಲ್ಲಿ, ಪ್ಯಾರಸಿಟಮಾಲ್ ನುಂಗುವ ಮೊದಲೇ ನೋಡಿ. ಮಾತ್ರೆ ಕೆಲಸ ಮಾಡುತ್ತಿರುವಾಗ ನೋಡಿ "ಜ್ವರ ಇಲ್ಲ" ಎಂದುಕೊಳ್ಳುವುದರಿಂದಲೇ ಎಷ್ಟೋ ಸಲ ಎರಡು ದಿನ ಕೈತಪ್ಪಿ ಹೋಗುತ್ತದೆ. ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ಬೆಚ್ಚಗಿರುವ, ಬಣ್ಣ ಹಚ್ಚದ ಬೆರಳಿಗೆ ಹಾಕಿ. 94ಕ್ಕಿಂತ ಕಡಿಮೆ ತೋರಿಸಿದರೆ ಅದೂ ವೈದ್ಯರ ಬಳಿ ಹೋಗಲು ಕಾರಣವೇ.

ನೀರು ಮತ್ತು ಹಬೆ

ಜ್ವರದಲ್ಲಿ ದೇಹದ ನೀರು ಬೆವರಾಗಿ, ಉಸಿರಾಗಿ ಹೋಗುತ್ತದೆ. ಗಂಟಲು ಒಣಗುತ್ತದೆ, ಕಫ ಅಂಟಂಟಾಗಿ ಹೊರಬರಲು ಒದ್ದಾಡಿಸುತ್ತದೆ. ದಿನಕ್ಕೆ ಸುಮಾರು ಎರಡು ಲೀಟರ್‌ನಷ್ಟು ನೀರು, ಗಂಜಿ, ತಿಳಿಸಾರು ಒಟ್ಟಾಗಿ ಹೋದರೆ ಸಾಕು. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗುತ್ತಿದೆ ಎಂದರ್ಥ. ಒತ್ತಾಯ ಮಾಡಿ ಲೀಟರ್‌ಗಟ್ಟಲೆ ಕುಡಿಸಿದ ಮಾತ್ರಕ್ಕೆ ಕಫ ಬೇಗ ಕರಗುವುದಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬಾರದು.

ಹಬೆ ತೆಗೆದುಕೊಂಡರೆ ಮೂಗು, ಗಂಟಲು ಹಗುರವಾಗುತ್ತವೆ. ಅಷ್ಟು ಮಾತ್ರ. ಅದು ಸೋಂಕನ್ನು ಕೊಲ್ಲುವುದಿಲ್ಲ, ಕಾಯಿಲೆಯ ದಿನಗಳನ್ನು ಕಡಿಮೆ ಮಾಡುವುದಿಲ್ಲ. ಅದರಲ್ಲಿ ಅಪಾಯವಿರುವುದು ಕುದಿಯುವ ನೀರಿನ ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಡುವುದರಲ್ಲಿ. ಪಾತ್ರೆಯನ್ನು ಮಡಿಲಲ್ಲಾಗಲಿ ಹಾಸಿಗೆಯ ಮೇಲಾಗಲಿ ಇಡಬೇಡಿ. ಅಲುಗಾಡದ ಮೇಜಿನ ಮೇಲಿಟ್ಟು, ಒಲೆಯಿಂದ ಇಳಿಸಿ ಕೆಲವು ನಿಮಿಷ ಬಿಟ್ಟು, ಮುಖವನ್ನು ಒಂದು ಅಡಿ ದೂರದಲ್ಲಿರಿಸಿ ಐದು ನಿಮಿಷ ತೆಗೆದುಕೊಂಡರೆ ಸಾಕು. ತಲೆ ಸುತ್ತುವವರಿಗೆ, ಕೈ ನಡುಗುವವರಿಗೆ ಬಿಸಿನೀರು ಬಿಟ್ಟ ಬಚ್ಚಲುಮನೆಯ ಹಬೆಯೇ ಮೇಲು. ಉಸಿರು ಕಟ್ಟುತ್ತಿರುವವರಿಗೆ ಹಬೆ ಕೊಡುತ್ತ ಕೂರುವುದು ಹೊತ್ತು ಕಳೆದಂತೆ.

ಒಂದು ಉದಾಹರಣೆ

ಸೊಲ್ಲಾಪುರದ ಪವರ್‌ಲೂಮ್‌ನಲ್ಲಿ ಕೆಲಸ ಮಾಡುವ 54 ವರ್ಷದ ಒಬ್ಬರನ್ನು ಕಲ್ಪಿಸಿಕೊಳ್ಳಿ. ಮೊದಲ ದಿನ ನೆಗಡಿ. ಮೂರನೆಯ ದಿನ ಹಳದಿ ಕಫ, 100 ಡಿಗ್ರಿ ಜ್ವರ, ನಿಮಿಷಕ್ಕೆ 18 ಉಸಿರು. ಊಟ ಸೇರುತ್ತಿದೆ, ಮನೆಯೊಳಗೆ ಓಡಾಡುತ್ತಿದ್ದಾರೆ. ಮನೆಯಲ್ಲೇ ವಿಶ್ರಾಂತಿ ಸಾಕು. ಐದನೆಯ ದಿನ ಜ್ವರ ಬಿಟ್ಟಿತು.

ಏಳನೆಯ ದಿನ ರಾತ್ರಿ ನಡುಕ ಬಂದು 102.5 ಡಿಗ್ರಿ ಜ್ವರ ಏರಿತು. ಉಸಿರು ಒಳಗೆಳೆದಾಗ ಬಲಪಕ್ಕೆಯಲ್ಲಿ ಚುಚ್ಚಿದಂತೆ ನೋವು. ಎಣಿಸಿದರೆ 26 ಉಸಿರು. ಕಫ ಮಾತ್ರ ಮೂರನೆಯ ದಿನ ಇದ್ದ ಅದೇ ಹಳದಿ. ಬಣ್ಣವನ್ನೇ ನಂಬಿದ್ದರೆ ಏನೂ ಬದಲಾಗಿಲ್ಲ ಎನಿಸುತ್ತಿತ್ತು. ವೈದ್ಯರು ಸ್ಟೆತಸ್ಕೋಪ್ ಇಟ್ಟಾಗ ಬಲಗಡೆ ಕೆಳಭಾಗದಲ್ಲಿ ಚಿಟಿಚಿಟಿ ಸದ್ದು; ಎಕ್ಸ್‌ರೇಯಲ್ಲಿ ಅಲ್ಲೇ ಬಿಳಿ ಮಚ್ಚೆ. ಇದು ನ್ಯುಮೋನಿಯಾ, ಇಲ್ಲಿ ಆಂಟಿಬಯೋಟಿಕ್ ಬೇಕೇ ಬೇಕು. ಇಳಿದ ಜ್ವರ ಮತ್ತೆ ಏರುವುದನ್ನು ಎಂದೂ ಹಗುರವಾಗಿ ಕಾಣಬಾರದು.

ವಯಸ್ಸಾದವರಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಜ್ವರವೇ ಇಲ್ಲದೆ, ಕೆಮ್ಮೂ ಹೆಚ್ಚಿಲ್ಲದೆ, ಇದ್ದಕ್ಕಿದ್ದಂತೆ ಊಟ ಬಿಡುವುದು, ಮಂಪರು, ಮಾತು ತಡಬಡಾಯಿಸುವುದು, ಮನೆಯವರನ್ನೇ ಗುರುತಿಸಲು ಕಷ್ಟಪಡುವುದು ಇವೇ ನ್ಯುಮೋನಿಯಾದ ಮೊದಲ ಗುರುತಾಗಬಹುದು. ಅಂಥವರನ್ನೂ, ಸಕ್ಕರೆ ಕಾಯಿಲೆ, ಆಸ್ತಮಾ, ಹೃದ್ರೋಗ ಇರುವವರನ್ನೂ, ಗರ್ಭಿಣಿಯರನ್ನೂ ಬೇಗ ತೋರಿಸಿ. ಕಫದಲ್ಲಿ ರಕ್ತ ಅಥವಾ ತುಕ್ಕಿನ ಬಣ್ಣ ಕಂಡರೂ ಹಾಗೆಯೇ. ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ 108ಕ್ಕೆ ಕರೆ ಮಾಡಿ. ಗಡಿಯ ಆಚೆಗೂ ಈಚೆಗೂ ಆಂಬುಲೆನ್ಸ್ ಸಂಖ್ಯೆ ಇದೊಂದೇ. ಕೆಮ್ಮು ಎರಡು ವಾರ ದಾಟಿದರೆ ಕ್ಷಯರೋಗದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ.

ವೈದ್ಯರಿಗೆ ಹೇಳುವಾಗ

ನಮ್ಮಲ್ಲಿ ಅನೇಕರ ವೈದ್ಯರು ಕನ್ನಡ ಬಲ್ಲವರಲ್ಲ. ಕೆಮ್ಮಿಗೆ ಮರಾಠಿಯಲ್ಲಿ ಖೋಕಲಾ, ತೆಲುಗಿನಲ್ಲಿ ದಗ್ಗು, ತಮಿಳಿನಲ್ಲಿ ಇರುಮಲ್, ಮಲಯಾಳದಲ್ಲಿ ಚುಮ. ಕಫ ಎಂದರೆ ಹೆಚ್ಚಿನ ಕಡೆ ತಿಳಿಯುತ್ತದೆ. ತಮಿಳಿನಲ್ಲಿ ಸಳಿ ಎನ್ನಿ. ಮಾತು ಸಾಲದೆಂದು ಅನಿಸಿದರೆ ಒಂದು ಚೀಟಿಯಲ್ಲಿ ದಿನಾಂಕ, ಜ್ವರದ ಡಿಗ್ರಿ, ನಿಮಿಷಕ್ಕೆ ಎಷ್ಟು ಉಸಿರು, ಆಗಲೇ ನುಂಗಿದ ಮಾತ್ರೆಗಳ ಹೆಸರು ಬರೆದು, ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. "7ನೇ ದಿನ, 102.5, ಉಸಿರು 26" ಎಂಬ ಸಾಲಿನ ಅಂಕಿಗಳನ್ನು ಯಾವ ಊರಿನ ವೈದ್ಯರಾದರೂ ಓದಬಲ್ಲರು.