ಮೊಟ್ಟೆ ಅದೇ, ವ್ಯತ್ಯಾಸ ಎಣ್ಣೆಯ ಚಮಚದಲ್ಲಿ

ಕ್ಯಾಲೊರಿ ಪಟ್ಟಿ ನೋಡಿ ಊಟ ಮಾಡುವವರನ್ನು ಮೊಟ್ಟೆ ಒಮ್ಮೆಯಾದರೂ ಗೊಂದಲಕ್ಕೆ ಬೀಳಿಸುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ 100 ಗ್ರಾಂ ಬೇಯಿಸಿದ ಮೊಟ್ಟೆಗೆ 155 ಕ್ಯಾಲೊರಿ, ಆಮ್ಲೆಟ್‌ಗೆ 154, ಬಾಣಲೆಯಲ್ಲಿ ಒಡೆದು ಹಾಕಿದ ಫ್ರೈಡ್ ಎಗ್‌ಗೆ 196 ಎಂದಿದೆ. ಎಣ್ಣೆಯನ್ನೇ ಮುಟ್ಟದ ಬೇಯಿಸಿದ ಮೊಟ್ಟೆಯೂ ಎಣ್ಣೆ ಬಿದ್ದ ಆಮ್ಲೆಟ್ಟೂ ಒಂದೇ ಸಮ ಹೇಗಾದವು?

ಉತ್ತರ ಇರುವುದು ತೂಕದಲ್ಲಿ. ಆ ಪಟ್ಟಿಯ ಲೆಕ್ಕದಲ್ಲಿ ಸಿಪ್ಪೆ ತೆಗೆದ ಒಂದು ದೊಡ್ಡ ಮೊಟ್ಟೆ 50 ಗ್ರಾಂ. ಬೇಯಿಸಿದರೂ ಅದು ಅಷ್ಟೇ ತೂಗುತ್ತದೆ. ಬಾಣಲೆಯಲ್ಲಿ ಕರಿದಾಗ ನೀರಿನಂಶ ಆರಿ 46 ಗ್ರಾಂಗೆ ಇಳಿಯುತ್ತದೆ. ಅದೇ ಒಂದು ಮೊಟ್ಟೆಯ ಆಮ್ಲೆಟ್ 61 ಗ್ರಾಂ ತೂಗುತ್ತದೆ, ಅಂದರೆ ಮೊಟ್ಟೆಯಲ್ಲದ್ದು ಏನೋ ಅದಕ್ಕೆ ಸೇರಿದೆ. ನೀರೋ ಹಾಲೋ ಸೇರಿಸಿದಷ್ಟೂ ತೂಕ ಏರಿ, 100 ಗ್ರಾಂ ಲೆಕ್ಕದ ಕ್ಯಾಲೊರಿ ಇಳಿಯುತ್ತದೆ. ಗ್ರಾಂ ಬಿಟ್ಟು ಮೊಟ್ಟೆಯ ಲೆಕ್ಕ ಹಿಡಿದರೆ ಚಿತ್ರ ಸರಿಯಾಗುತ್ತದೆ: ಬೇಯಿಸಿದ್ದು 78, ಕರಿದದ್ದು 90, ಆಮ್ಲೆಟ್ 94. ನಾವು ತಿನ್ನುವುದೂ ಒಂದು ಮೊಟ್ಟೆ, ಎರಡು ಮೊಟ್ಟೆ ಎಂದೇ ಹೊರತು 100 ಗ್ರಾಂ ಎಂದಲ್ಲ.

ಆದರೆ ಈ ಪಟ್ಟಿಯ ಕರಿದ ಮೊಟ್ಟೆಗೆ ಬಿದ್ದಿರುವ ಜಿಡ್ಡು ತೀರಾ ಕಡಿಮೆ. ನಮ್ಮ ಒಲೆಯ ಮೇಲೆ ನಡೆಯುವುದು ಬೇರೆ. ಎಣ್ಣೆ ಯಾವುದೇ ಇರಲಿ, ಕಡಲೆಕಾಯಿಯದೋ ಸೂರ್ಯಕಾಂತಿಯದೋ ಕೊಬ್ಬರಿಯದೋ, ಒಂದು ಗ್ರಾಂಗೆ ಸುಮಾರು 9 ಕ್ಯಾಲೊರಿ. ಅಳತೆಯ ಟೀ ಚಮಚದಲ್ಲಿ 4.5 ಗ್ರಾಂ ಎಣ್ಣೆ ಹಿಡಿಯುತ್ತದೆ, ಅದು 40 ಕ್ಯಾಲೊರಿ. ಒಂದು ಮೊಟ್ಟೆಯ ಬಿಳಿ ಭಾಗದಲ್ಲಿ ಇರುವುದೇ 17 ಕ್ಯಾಲೊರಿ. ಅಂದರೆ ಒಂದು ಚಮಚ ಎಣ್ಣೆ ಎರಡು ಮೊಟ್ಟೆಗಳ ಬಿಳಿಯನ್ನು ಮೀರಿಸುತ್ತದೆ.

ಈಗ ಎರಡು ಮೊಟ್ಟೆಗಳ ಒಂದು ತಿಂಡಿಯನ್ನೇ ಲೆಕ್ಕ ಹಾಕೋಣ. ಅಂಗಡಿಯ ಮೊಟ್ಟೆ ಕೊಂಚ ಚಿಕ್ಕದೆಂದು ಒಂದಕ್ಕೆ 70ರಂತೆ 140 ಹಿಡಿಯೋಣ. ಬೇಯಿಸಿ ಉಪ್ಪು, ಮೆಣಸಿನಪುಡಿ ಉದುರಿಸಿದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಅವೇ ಮೊಟ್ಟೆಗಳನ್ನು ಒಂದು ಚಮಚ ಎಣ್ಣೆಯಲ್ಲಿ ಹಾಫ್ ಬಾಯ್ಲ್ ಮಾಡಿದರೆ ಹೆಚ್ಚೆಂದರೆ 180. ಇಲ್ಲಿ ಎಣ್ಣೆ ತಗಲುವುದು ತಳಕ್ಕೆ ಮತ್ತು ಅಂಚಿಗೆ ಮಾತ್ರ. ಮೊಟ್ಟೆಯನ್ನು ಎತ್ತಿ ತಟ್ಟೆಗೆ ಹಾಕಿದರೆ ಸ್ವಲ್ಪ ಎಣ್ಣೆ ಬಾಣಲೆಯಲ್ಲೇ ಉಳಿಯುತ್ತದೆ.

ಆಮ್ಲೆಟ್ ಹಾಗಲ್ಲ. ಹೊಡೆದ ಮೊಟ್ಟೆಯಲ್ಲಿ ಗಾಳಿಗುಳ್ಳೆಗಳಿವೆ, ನಡುವೆ ಈರುಳ್ಳಿ, ಹಸಿಮೆಣಸಿನಕಾಯಿ ಇವೆ. ತವಾ ತುಂಬ ಹರಡುತ್ತದೆ, ಎರಡೂ ಕಡೆ ಬೇಯುತ್ತದೆ. ಮೊದಲು ತವಾಗೆ ಒಂದು ಚಮಚ, ಮಗುಚುವ ಮುನ್ನ ಸುತ್ತ ಅಂಚಿಗೆ ಇನ್ನೊಂದು ಚಮಚ. ಹೀಗೆ 80 ಕ್ಯಾಲೊರಿ ಸೇರುತ್ತದೆ, ಅರ್ಧ ಈರುಳ್ಳಿಯದು 15ರ ಆಸುಪಾಸು. ಒಟ್ಟು 235. ಇನ್ನು ಚಮಚ ಬಿಟ್ಟು ಎಣ್ಣೆ ಡಬ್ಬಿಯಿಂದಲೇ ಸುರಿದು 15 ಗ್ರಾಂ ಬಿದ್ದರೆ ಮೊತ್ತ 290. ಬೇಯಿಸಿದ ಎರಡು ಮೊಟ್ಟೆಗಳ ದುಪ್ಪಟ್ಟು!

ಬೆಣ್ಣೆ ಹಗುರ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಭಾಗ ನೀರು, ಹಾಗಾಗಿ 10 ಗ್ರಾಂ ಬೆಣ್ಣೆಗೆ 72 ಕ್ಯಾಲೊರಿ, ಅಷ್ಟೇ ಎಣ್ಣೆಗೆ 90ರ ಹತ್ತಿರ. ಆದರೆ ಆ ನೀರು ತವಾದ ಮೇಲೆ ಚಟಪಟ ಎಂದು ಆವಿಯಾಗಿ ಹೋಗುತ್ತದೆ, ಜಿಡ್ಡು ಉಳಿಯುತ್ತದೆ. ಮೇಲಾಗಿ ಎಣ್ಣೆಯನ್ನು ಚಮಚದಲ್ಲಿ ಹಾಕುವ ಕೈಯೇ ಬೆಣ್ಣೆಯನ್ನು ತುಂಡು ಕತ್ತರಿಸಿ ಹಾಕುತ್ತದೆ, ಆ ತುಂಡು ಸುಲಭವಾಗಿ 10 ಗ್ರಾಂ ದಾಟುತ್ತದೆ. ತುಪ್ಪದಲ್ಲಿ ನೀರಿಲ್ಲ, ಅದರ ಲೆಕ್ಕ ಎಣ್ಣೆಯದೇ.

ನಿಮ್ಮ ಮನೆಯ ನಿಜವಾದ ಅಂಕಿ ತಿಳಿಯಬೇಕಾದರೆ ಅಡುಗೆಮನೆಯ ತಕ್ಕಡಿ ಸಾಕು. ಎಣ್ಣೆ ಡಬ್ಬಿಯನ್ನು ಆಮ್ಲೆಟ್ ಹಾಕುವ ಮುನ್ನ ಒಮ್ಮೆ, ಹಾಕಿದ ಮೇಲೆ ಒಮ್ಮೆ ತೂಗಿ. ಕಡಿಮೆಯಾದ ಗ್ರಾಂಗಳು ತವಾಗೆ ಬಿದ್ದ ಎಣ್ಣೆ. ಖಾಲಿ ತವಾವನ್ನೂ ಮೊದಲೇ ತೂಗಿಟ್ಟುಕೊಂಡು, ಆಮ್ಲೆಟ್ ತೆಗೆದ ಮೇಲೆ ಮತ್ತೆ ತೂಗಿದರೆ ಎಷ್ಟು ಜಿಡ್ಡು ಅಲ್ಲೇ ಉಳಿಯಿತೆಂದು ಗೊತ್ತಾಗುತ್ತದೆ. ಅದನ್ನು ಕಳೆದು 9ರಿಂದ ಗುಣಿಸಿ. ಮನೆಯ ತಕ್ಕಡಿ ಒಂದೆರಡು ಗ್ರಾಂ ತಪ್ಪು ತೋರಿಸೀತು, ಅಂದಾಜಿಗೆ ಅಡ್ಡಿಯಿಲ್ಲ.

ಎಣ್ಣೆ ಹೆಚ್ಚು ಬೀಳಲು ಮುಖ್ಯ ಕಾರಣ ಕಾಯದ ತವಾ. ಕಬ್ಬಿಣದ ತವಾ ಕಾಯುವ ಮೊದಲೇ ಮೊಟ್ಟೆ ಒಡೆದರೆ ಅದು ತಳಕ್ಕೆ ಕಚ್ಚುತ್ತದೆ, ಬಿಡಿಸಲೆಂದು ಇನ್ನಷ್ಟು ಸುರಿಯುತ್ತೇವೆ. ಒಂದು ಹನಿ ನೀರು ಚಿಮುಕಿಸಿದಾಗ ಅದು ಚುರ್ ಎಂದು ಕೂಡಲೇ ಆರಿದರೆ ತವಾ ಕಾದಿದೆ. ಆಗ ಎಣ್ಣೆ ಸವರಿ, ಉರಿ ತಗ್ಗಿಸಿ, ಮೊಟ್ಟೆ ಹುಯ್ಯಿರಿ. ಬೆಣ್ಣೆಯಾದರೆ ತವಾ ಅಷ್ಟು ಕಾಯುವುದು ಬೇಡ: ನೊರೆ ಇಳಿದ ಕೂಡಲೇ, ಅದು ಕಂದುವ ಮೊದಲೇ ಮೊಟ್ಟೆ ಹಾಕಬೇಕು. ಅಂಚಿಗೆ ಸುರಿಯುವ ಎರಡನೇ ಚಮಚ ಬಿಟ್ಟು, ಮುಚ್ಚಳ ಮುಚ್ಚಿ ಬೇಯಿಸಿದರೆ 235ರ ಆಮ್ಲೆಟ್ 195ಕ್ಕೆ ಇಳಿಯುತ್ತದೆ. ಹಾಫ್ ಬಾಯ್ಲ್‌ಗೂ ಅದಕ್ಕೂ ಆಗ ಉಳಿಯುವ ಅಂತರ ಬರೀ ಈರುಳ್ಳಿಯದು.