ಗಂಜಿ, ಕೊಬ್ಬರಿ, ಕಾಯಿಹಾಲು: ನೂರು ಗ್ರಾಂ ತೂಕದಲ್ಲಿ ನೀರೆಷ್ಟು, ಕೊಬ್ಬೆಷ್ಟು?

ಎಳನೀರು ಕುಡಿದ ಮೇಲೆ ಬುರುಡೆ ಸೀಳಿಸಿ ತಿನ್ನುವ ಗಂಜಿ, ಚಟ್ನಿಪುಡಿಗೆ ತುರಿಯುವ ಕೊಬ್ಬರಿ, ಒತ್ತು ಶಾವಿಗೆಯ ಮೇಲೆ ಸುರಿದುಕೊಳ್ಳುವ ಕಾಯಿಹಾಲು, ಮೂರೂ ಒಂದೇ ಮರದವು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ, ದೇಶದ ಆಹಾರತಜ್ಞರು ದಶಕಗಳ ಕಾಲ ಬಳಸಿದ ಪೋಷಕಾಂಶಗಳ ಪಟ್ಟಿಯಲ್ಲಿ ಇವುಗಳ ಸಾಲುಗಳನ್ನು ನೋಡಿದರೆ ಒಂದಕ್ಕೊಂದು ನಂಟೇ ಇಲ್ಲವೇನೋ ಅನ್ನಿಸುತ್ತದೆ. ನೂರು ಗ್ರಾಂ ಗಂಜಿಯಲ್ಲಿ ಕೊಬ್ಬು 1.4 ಗ್ರಾಂ, ಕಾರ್ಬೋಹೈಡ್ರೇಟ್ 6.3 ಗ್ರಾಂ. ನೂರು ಗ್ರಾಂ ಒಣಕೊಬ್ಬರಿಯಲ್ಲಿ ಕೊಬ್ಬು 62.3, ಕಾರ್ಬೋಹೈಡ್ರೇಟ್ 18.4. ಕಾಯಿಹಾಲಿನಲ್ಲಿ ಕೊಬ್ಬು 41, ಕಾರ್ಬೋಹೈಡ್ರೇಟ್ 11.9.

ಇಷ್ಟನ್ನೇ ಓದಿದವರು ಗಂಜಿಗಿಂತ ಕೊಬ್ಬರಿಯಲ್ಲಿ ಕೊಬ್ಬು ನಲವತ್ತನಾಲ್ಕು ಪಟ್ಟು ಹೆಚ್ಚು ಎಂದು ಹೇಳಿ ಮುಗಿಸಬಹುದು. ಲೆಕ್ಕ ಸರಿಯೇ. ಆದರೆ ಅದೇ ಪಟ್ಟಿಯಲ್ಲಿ ನಾವು ಸಾಮಾನ್ಯವಾಗಿ ಓದದೆ ಬಿಡುವ ಇನ್ನೊಂದು ಅಂಕಣವಿದೆ: ತೇವಾಂಶ. ಗಂಜಿಯ ನೂರು ಗ್ರಾಂನಲ್ಲಿ 90.8 ಗ್ರಾಂ ಬರೀ ನೀರು. ಕಾಯಿಹಾಲಿನಲ್ಲಿ 42.8 ಗ್ರಾಂ. ಕೊಬ್ಬರಿಯಲ್ಲಿ ಬರೀ 4.3 ಗ್ರಾಂ. ಈ ಮೂರನ್ನು ಹೋಲಿಸುವಾಗ ಅರ್ಧಕ್ಕರ್ಧ ನಾವು ನೀರನ್ನೇ ಹೋಲಿಸುತ್ತಿರುತ್ತೇವೆ. ಆ ನೀರನ್ನು ಪಕ್ಕಕ್ಕಿಟ್ಟು ನೋಡಿದರೆ ಯಾವುದು ನಿಜವಾಗಿ ಬೇರೆ, ಯಾವುದು ಬೇರೆಯಂತೆ ಕಾಣುತ್ತದೆ ಅಷ್ಟೆ ಎಂಬುದು ಗೊತ್ತಾಗುತ್ತದೆ.

ಕೊಬ್ಬರಿ ಎಂದರೆ ನೀರು ಕಳೆದ ಕಾಯಿ

ಮೊದಲು ಕೊಬ್ಬರಿಯನ್ನೇ ತೆಗೆದುಕೊಳ್ಳೋಣ. ಬಲಿತ ಹಸಿ ಕಾಯಿಯ ತಿರುಳಿನಲ್ಲಿ, ಅದೇ ಪಟ್ಟಿಯ ಪ್ರಕಾರ, ನೂರು ಗ್ರಾಂಗೆ 36.3 ಗ್ರಾಂ ನೀರು, 41.6 ಗ್ರಾಂ ಕೊಬ್ಬು, 13 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಈಗ 150 ಗ್ರಾಂ ಹಸಿ ಕಾಯಿ ತೆಗೆದುಕೊಂಡು ಅದರಿಂದ 50 ಗ್ರಾಂ ನೀರು ಆರಿಹೋಯಿತು ಎಂದುಕೊಳ್ಳಿ. ಉಳಿಯುವುದು ನೂರು ಗ್ರಾಂ. ಕೊಬ್ಬು ಎಲ್ಲಿಗೂ ಹೋಗಿಲ್ಲ. 150 ಗ್ರಾಂ ಕಾಯಿಯಲ್ಲಿ ಇದ್ದದ್ದು 62.4 ಗ್ರಾಂ, ಅಷ್ಟೂ ಈ ನೂರು ಗ್ರಾಂನಲ್ಲೇ ಇದೆ. ಪಟ್ಟಿಯಲ್ಲಿ ಕೊಬ್ಬರಿಯ ಸಾಲಿನಲ್ಲಿರುವ ಸಂಖ್ಯೆ 62.3. ಕಾರ್ಬೋಹೈಡ್ರೇಟ್ ಹೀಗೆ ಲೆಕ್ಕ ಹಾಕಿದರೆ 19.5 ಬರುತ್ತದೆ, ಪಟ್ಟಿಯಲ್ಲಿರುವುದು 18.4. ಬೇರೆ ಬೇರೆ ಕಾಯಿಗಳನ್ನು ಅಳೆದದ್ದರಿಂದ ಬರುವ ಇಷ್ಟು ವ್ಯತ್ಯಾಸ ಸಹಜ.

ಅಂದರೆ ಕೊಬ್ಬರಿಯಾಗುವಾಗ ಕಾಯಿಗೆ ಹೊಸದಾಗಿ ಕೊಬ್ಬು ಸೇರುವುದಿಲ್ಲ. ತಿಪಟೂರು ಸೀಮೆಯಲ್ಲಿ ಉಂಡೆಕೊಬ್ಬರಿ ಮಾಡುವ ರೀತಿಯಲ್ಲೂ ಇದನ್ನು ಕಾಣಬಹುದು. ಬಲಿತ ಕಾಯಿಗಳನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಎಂಟು-ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ ಆರುತ್ತದೆ, ತಿರುಳು ಕುಗ್ಗಿ ಕರಟದಿಂದ ಬಿಡುತ್ತದೆ. ಕಾಯಿಯನ್ನು ಅಲುಗಾಡಿಸಿದಾಗ ನೀರಿನ ಸದ್ದು ನಿಂತು ಗಿಟುಕು ಒಳಗೆ ಉರುಳುವ ಗಡಗಡ ಸದ್ದು ಕೇಳಿಸಿದರೆ ಸುಲಿಯುವ ಹೊತ್ತು ಬಂತೆಂದು ಅರ್ಥ. ಎಣ್ಣೆಗೆಂದು ಮಾಡುವ ಕೊಬ್ಬರಿಯದು ಅವಸರದ ದಾರಿ. ಕಾಯಿ ಒಡೆದು ಹೋಳುಗಳನ್ನು ಬಿಸಿಲಲ್ಲೋ ಬಿಸಿಗಾಳಿಯಲ್ಲೋ ಒಣಗಿಸುತ್ತಾರೆ.

ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ತೇವ ಶೇಕಡಾ ಆರು-ಏಳರ ಒಳಗಿರುತ್ತದೆ. ಅರೆಬರೆ ಒಣಗಿ ಶೇಕಡಾ ಹತ್ತರಷ್ಟು ತೇವ ಉಳಿದಿದ್ದರೆ ಅದೇ ನೂರು ಗ್ರಾಂನಲ್ಲಿ ಕೊಬ್ಬು 58-59 ಗ್ರಾಂಗೆ ಇಳಿಯುತ್ತದೆ. ಕೊಂಡವರಿಗೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ತೇವ ಉಳಿದ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ಎಣ್ಣೆ ಕಮಟುತ್ತದೆ, ಕೆಲವು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಬಿಡುತ್ತದೆ. ಮುರಿದರೆ ಟಕ್ಕನೆ ಮುರಿಯದೆ ಬಾಗುವ, ಒಳಮೈಯಲ್ಲಿ ಹಸಿರು ಅಥವಾ ಕಪ್ಪು ಚುಕ್ಕೆಯಿರುವ ಕೊಬ್ಬರಿಯನ್ನು ಕೆರೆದು ಬಳಸುವುದಕ್ಕಿಂತ ಎಸೆಯುವುದೇ ಮೇಲು.

ಗಂಜಿ ಒಣಗಿಸಿದರೆ ಕೊಬ್ಬರಿಯಾಗದು

ಹಾಗಾದರೆ ಗಂಜಿಯೂ ನೀರು ತುಂಬಿದ ಕೊಬ್ಬರಿಯೇ? ಅಲ್ಲ. ಒಂದು ಕಿಲೋಗಿಂತ ತುಸು ಹೆಚ್ಚು ಗಂಜಿಯನ್ನು ಕೊಬ್ಬರಿಯಷ್ಟೇ ಒಣಗಿಸಿ ನೂರು ಗ್ರಾಂಗೆ ಇಳಿಸಿದಿರಿ ಎಂದುಕೊಳ್ಳಿ. ಆಗ ಅದರಲ್ಲಿ ಸಿಗುವ ಕೊಬ್ಬು ಹೆಚ್ಚೆಂದರೆ 15 ಗ್ರಾಂ, ಕಾರ್ಬೋಹೈಡ್ರೇಟ್ ಮಾತ್ರ 65 ಗ್ರಾಂ. ಕೊಬ್ಬರಿಯ ಲೆಕ್ಕ ಇಲ್ಲಿ ತಲೆಕೆಳಗಾಗಿದೆ. ಗಂಜಿಯದು ನಿಜವಾಗಿಯೂ ಬೇರೆ ಪದಾರ್ಥ.

ಕಾರಣ ಮರದ ಮೇಲೆಯೇ ಇದೆ. ಹೊಂಬಾಳೆ ಒಡೆದು ಕಾಯಿ ಕಚ್ಚಿದಂದಿನಿಂದ ಪೂರ್ತಿ ಬಲಿಯಲು ಹನ್ನೊಂದು-ಹನ್ನೆರಡು ತಿಂಗಳು ಬೇಕು. ಮೊದಲ ಐದಾರು ತಿಂಗಳು ಒಳಗಿರುವುದು ನೀರಷ್ಟೆ. ಆರನೆಯ ತಿಂಗಳ ಆಸುಪಾಸಿನಲ್ಲಿ ಕರಟದ ಒಳಮೈಗೆ ತೆಳ್ಳಗೆ, ಅರೆಪಾರದರ್ಶಕವಾಗಿ ಲೋಳೆಯಂಥ ಪದರ ಕಟ್ಟತೊಡಗುತ್ತದೆ. ಎಲೆಗಳು ತಯಾರಿಸಿದ ಸಕ್ಕರೆ ಕಾಯಿಗೆ ಹರಿದು ಬರುತ್ತಿರುತ್ತದೆ, ಆದರೆ ಅದನ್ನು ಎಣ್ಣೆಯಾಗಿ ಬದಲಿಸಿ ಕೂಡಿಡುವ ಕೆಲಸ ಇನ್ನೂ ಸರಿಯಾಗಿ ಶುರುವಾಗಿರುವುದಿಲ್ಲ. ಹಾಗಾಗಿ ಎಳೆಯ ತಿರುಳಿನಲ್ಲಿ ಸಕ್ಕರೆ ಮತ್ತು ಲೋಳೆಯಂಥ ಕಾರ್ಬೋಹೈಡ್ರೇಟ್‌ಗಳದೇ ಮೇಲುಗೈ. ಮುಂದಿನ ತಿಂಗಳುಗಳಲ್ಲಿ ತಿರುಳು ದಪ್ಪಗಾಗುತ್ತಾ ಆ ಸಕ್ಕರೆ ಎಣ್ಣೆಯಾಗಿ ತಿರುಗುತ್ತದೆ, ಗೋಡೆಯಂಥ ನಾರು ಗಟ್ಟಿಯಾಗುತ್ತದೆ. ಮೊಳಕೆಯೊಡೆಯುವ ಸಸಿಗೆ ತಿಂಗಳುಗಟ್ಟಲೆ ಬೇಕಾಗುವ ಬುತ್ತಿ ಆ ಎಣ್ಣೆ.

ಇದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ಪಟ್ಟಿಯ 1.4 ಗ್ರಾಂ ಕೊಬ್ಬು ತೆಳು ಗಂಜಿಯ ಲೆಕ್ಕ. ಎಳನೀರು ಅಂಗಡಿಯಲ್ಲಿ ‘ದಪ್ಪ ಗಂಜಿ ಇರೋದು ಕೊಡಪ್ಪಾ’ ಎಂದು ಕೇಳಿ ತಿಂದದ್ದಕ್ಕೆ ಆ ಸಂಖ್ಯೆ ಹೊಂದದು. ಬೆರಳಲ್ಲಿ ಒತ್ತಿದರೆ ಕರಗಿದಂತಾಗುವ, ಬೆಳಕು ಹಾಯುವ ತಿರುಳಾದರೆ ಕೊಬ್ಬು ನಗಣ್ಯ. ತಿರುಳು ಬೆಳ್ಳಗಾಗಿ, ಹಲ್ಲಿಗೆ ಸಿಗುವಷ್ಟು ಗಟ್ಟಿಯಾಗಿ, ಕರಟದ ಕಡೆಗೆ ಕಂದು ಸಿಪ್ಪೆ ಮೂಡತೊಡಗಿದ್ದರೆ ಎಣ್ಣೆ ಸೇರುತ್ತಿದೆ ಎಂದು ತಿಳಿಯಬೇಕು. ಅನುಮಾನವಿದ್ದರೆ ಸ್ವಲ್ಪ ರುಬ್ಬಿ ಹಿಂಡಿ ನೋಡಿ. ತೆಳು ಗಂಜಿಯಿಂದ ಕಾಯಿಹಾಲು ಬರುವುದಿಲ್ಲ, ಲೋಳೆಲೋಳೆಯಾದ ರಸ ಬರುತ್ತದೆ. ಹಾಲಿಗೆ ಆ ಬಿಳುಪು ಬರುವುದು ನೀರಿನಲ್ಲಿ ಹರಡಿಕೊಂಡ ಎಣ್ಣೆಯ ಸಣ್ಣ ಹನಿಗಳಿಂದ.

ಹಾಲಿನ ಲೆಕ್ಕ ತಪ್ಪುವುದು ಎಲ್ಲಿ?

ಮೂರರಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಕಾಯಿಹಾಲು. ನಮ್ಮ ಪಟ್ಟಿಯಲ್ಲಿ ಕೊಬ್ಬು ನೂರು ಗ್ರಾಂಗೆ 41 ಎಂದಿದ್ದರೆ, ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ 23.8 ಎಂದಿದೆ. ಕಾರ್ಬೋಹೈಡ್ರೇಟ್ ಇಲ್ಲಿ 11.9, ಅಲ್ಲಿ 5.5. ಯಾರೋ ಒಬ್ಬರು ತಪ್ಪಿದ್ದಾರೆ ಎನ್ನಿಸುವುದು ಸಹಜ. ಆದರೆ ಅಮೆರಿಕದವರು ಅಳೆದದ್ದು ತುರಿಗೆ ನೀರು ಬೆರೆಸಿ ಹಿಂಡಿದ ಹಾಲನ್ನು. ಅದರಲ್ಲಿ ಸುಮಾರು 68 ಗ್ರಾಂ ನೀರಿದೆ. ಎರಡರಲ್ಲೂ ನೀರನ್ನು ಬಿಟ್ಟು ಉಳಿದ ಘನಪದಾರ್ಥದಲ್ಲಿ ಕೊಬ್ಬಿನ ಪಾಲೆಷ್ಟು ಎಂದು ನೋಡಿದರೆ ನಮ್ಮದರಲ್ಲಿ ಶೇಕಡಾ 72, ಅವರದರಲ್ಲಿ ಶೇಕಡಾ 74. ಹಾಲು ಒಂದೇ, ಬೆರೆತ ನೀರು ಬೇರೆ.

ಅಡುಗೆಮನೆಯಲ್ಲೂ ಇದೇ ಆಗುತ್ತದೆ. ತುರಿಯನ್ನು ಹಾಗೇ ರುಬ್ಬಿ ಹಿಂಡಿದ ಮೊದಲ ಹಾಲಿನ ಕೊಬ್ಬು 41 ಗ್ರಾಂ ಎಂದಿಟ್ಟುಕೊಳ್ಳಿ. ಅಷ್ಟೇ ತೂಕದ ನೀರು ಬೆರೆತರೆ ಅದು 20.5ಕ್ಕೆ ಬರುತ್ತದೆ. ಎರಡರಷ್ಟು ನೀರು ಬೆರೆತರೆ 13.7. ಕಾರ್ಬೋಹೈಡ್ರೇಟ್ ಕೂಡ ಅದೇ ಪ್ರಮಾಣದಲ್ಲಿ ಇಳಿದು ನಾಲ್ಕು ಗ್ರಾಂ ಆಗುತ್ತದೆ. ಆದ್ದರಿಂದ ‘ಕಾಯಿಹಾಲಿನಲ್ಲಿ ಎಷ್ಟು ಕೊಬ್ಬಿದೆ’ ಎಂಬ ಪ್ರಶ್ನೆಗೆ ಮೊದಲು ‘ಎಷ್ಟನೇ ಹಾಲು, ಎಷ್ಟು ನೀರು’ ಎಂದು ಕೇಳದೆ ಉತ್ತರ ಹೇಳಲಾಗದು. ಪ್ಯಾಕೆಟ್‌ನಲ್ಲಿ ಬರುವ ಹಾಲಿಗೂ ಇದು ಅನ್ವಯಿಸುತ್ತದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕದಲ್ಲಿ ತೆಂಗಿನ ಹಾಲು ಎನಿಸಿಕೊಳ್ಳಲು ಕನಿಷ್ಠ ಶೇಕಡಾ 10 ಕೊಬ್ಬು ಸಾಕು, ‘ಲೈಟ್’ ಎಂಬುದಕ್ಕೆ 5 ಸಾಕು, ‘ಕ್ರೀಮ್’ ಎಂಬುದಕ್ಕೆ 20 ಬೇಕು. ಹೆಸರು ನೋಡಿ ಕೊಳ್ಳುವುದಕ್ಕಿಂತ ಹಿಂಬದಿಯ ಕೊಬ್ಬಿನ ಸಾಲು ಓದಿ ಕೊಳ್ಳುವುದು ಲೇಸು.

ಕಾಯಿಯ ಘನಪದಾರ್ಥದಲ್ಲಿ ಕೊಬ್ಬು ಶೇಕಡಾ 65 ಇದ್ದದ್ದು ಹಾಲಿಗೆ ಬಂದಾಗ 72 ಆಗುವುದೇಕೆ? ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿಯುವ ತುರಿಯೊಂದಿಗೆ ನಾರು ಹಿಂದೆ ಉಳಿಯುತ್ತದೆ, ಎಣ್ಣೆಯ ಬಹುಪಾಲು ಮುಂದೆ ಹರಿಯುತ್ತದೆ. ಎಷ್ಟೇ ಹಿಂಡಿದರೂ ಸ್ವಲ್ಪ ಎಣ್ಣೆ ತುರಿಯಲ್ಲಿ ಉಳಿದೇ ಉಳಿಯುತ್ತದೆ.

ಕಾರ್ಬೋಹೈಡ್ರೇಟ್ ಎಂಬ ಉಳಿಕೆ

ಕೊಬ್ಬರಿಯ ಸಾಲನ್ನು ಇನ್ನೊಮ್ಮೆ ಕೂಡಿಸಿ ನೋಡಿ: ನೀರು 4.3, ಪ್ರೋಟೀನ್ 6.8, ಕೊಬ್ಬು 62.3, ಖನಿಜ 1.6, ನಾರು 6.6, ಕಾರ್ಬೋಹೈಡ್ರೇಟ್ 18.4. ಮೊತ್ತ ಸರಿಯಾಗಿ ನೂರು. ಇದು ಕಾಕತಾಳೀಯವಲ್ಲ. ಉಳಿದೆಲ್ಲವನ್ನೂ ಅಳೆದು ನೂರರಿಂದ ಕಳೆದಾಗ ಉಳಿದದ್ದಕ್ಕೆ ಕಾರ್ಬೋಹೈಡ್ರೇಟ್ ಎಂಬ ಹೆಸರು. ಹಳೆಯ ವಿಧಾನದಲ್ಲಿ ನಾರಿನ ಒಂದು ಭಾಗ ಮಾತ್ರ ಅಳತೆಗೆ ಸಿಗುತ್ತಿತ್ತು, ಮಿಕ್ಕ ನಾರು ಈ ಉಳಿಕೆಯೊಳಗೆ ಸೇರಿಬಿಡುತ್ತಿತ್ತು. ಅಮೆರಿಕದ ಪಟ್ಟಿಯಲ್ಲಿ ಸಕ್ಕರೆ ಬೆರೆಸದ ಒಣಕಾಯಿಯ ಕಾರ್ಬೋಹೈಡ್ರೇಟ್ 23.7 ಗ್ರಾಂ, ಅದರಲ್ಲಿ 16.3 ಗ್ರಾಂ ನಾರು, ಸಕ್ಕರೆ ಸುಮಾರು 7 ಗ್ರಾಂ. ಸಕ್ಕರೆ ಕಾಯಿಲೆಯವರು ಕೊಬ್ಬರಿಯ 18.4 ಎಂಬ ಸಂಖ್ಯೆ ಕಂಡು ಗಾಬರಿಯಾಗಬೇಕಿಲ್ಲ. ಅದರ ದೊಡ್ಡ ಪಾಲು ರಕ್ತಕ್ಕೆ ಸೇರದ ನಾರು.

ತಟ್ಟೆಗೆ ಬಂದಾಗ

ನೂರು ಗ್ರಾಂ ಎಂಬುದು ಅಳತೆಯ ಅನುಕೂಲಕ್ಕೆ ಹಿಡಿದ ತೂಕ, ಯಾರೂ ಅಷ್ಟನ್ನೇ ತಿನ್ನುವುದಿಲ್ಲ. ನೂರು ಗ್ರಾಂ ಗಂಜಿ ತಿನ್ನುವುದು ಕಷ್ಟವಲ್ಲ. ಅದರಿಂದ ಬರುವುದು 41 ಕಿಲೋಕ್ಯಾಲರಿ ಮಾತ್ರ. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲೋ ಚಟ್ನಿಪುಡಿಯಲ್ಲೋ ದಿನಕ್ಕೆ 20 ಗ್ರಾಂ ಕೊಬ್ಬರಿ ಹೊಟ್ಟೆಗೆ ಹೋದರೆ ಕೊಬ್ಬು ಹನ್ನೆರಡೂವರೆ ಗ್ರಾಂ, ಕಾರ್ಬೋಹೈಡ್ರೇಟ್ ನಾಲ್ಕು ಗ್ರಾಂಗೂ ಕಡಿಮೆ. ಅದೇ ಒತ್ತು ಶಾವಿಗೆಗೆ ಎರಡರಷ್ಟು ನೀರು ಬೆರೆತ ಕಾಯಿಹಾಲನ್ನು 200 ಗ್ರಾಂ ಸುರಿದುಕೊಂಡರೆ ಕೊಬ್ಬು 27 ಗ್ರಾಂ. ಪಟ್ಟಿಯಲ್ಲಿ ಕೊಬ್ಬರಿಗಿಂತ ಕೆಳಗಿದ್ದ ಹಾಲು ತಟ್ಟೆಯಲ್ಲಿ ಅದರ ಎರಡರಷ್ಟಾಯಿತು, ಏಕೆಂದರೆ ಅದನ್ನು ನಾವು ಚಮಚದ ಲೆಕ್ಕದಲ್ಲಲ್ಲ, ಬಟ್ಟಲಿನ ಲೆಕ್ಕದಲ್ಲಿ ಬಳಸುತ್ತೇವೆ.

ಆ ಬಟ್ಟಲಿನ ಹಾಲಿನಿಂದ ಬರುವ ಕಾರ್ಬೋಹೈಡ್ರೇಟ್ ಎಂಟು ಗ್ರಾಂ. ಅದಕ್ಕೆ ಬೆರೆಸುವ 30 ಗ್ರಾಂ ಬೆಲ್ಲದಿಂದ ಬರುವುದು ಹತ್ತಿರ ಹತ್ತಿರ 28 ಗ್ರಾಂ, ಶಾವಿಗೆಯ ಅಕ್ಕಿಯದು ಬೇರೆ. ತೂಕ ಇಳಿಸುವವರು ಕಾಯಿಹಾಲು ತೆಳುವಾಗಿಸಿ ಬಳಸಲಿ. ಸಕ್ಕರೆ ಕಾಯಿಲೆಯವರು ಮೊದಲು ಕೈ ಹಿಡಿಯಬೇಕಾದದ್ದು ಬೆಲ್ಲ ಹಾಕುವಾಗ.