ಸುಟ್ಟಿದ್ದು 12 ಲಕ್ಷದ ಮಾಲು, ಕೈಗೆ ಬಂದಿದ್ದು 9 ಲಕ್ಷ

ಒಂದು ಜವಳಿ ಅಂಗಡಿಯ ಉದಾಹರಣೆ ನೋಡೋಣ. ಮಾಲೀಕರು ದಾಸ್ತಾನಿಗೆ 30 ಲಕ್ಷ ರೂಪಾಯಿಯ ಬೆಂಕಿ ವಿಮೆ ಮಾಡಿಸಿದ್ದಾರೆ. ದೀಪಾವಳಿಗೆ ಮುನ್ನ ಬೆಂಕಿ ಬಿದ್ದು, ಅಳಿದುಳಿದದ್ದರ ಬೆಲೆ ಕಳೆದ ಮೇಲೆ 12 ಲಕ್ಷ ನಷ್ಟವಾಗಿದೆ. ಪಾಲಿಸಿ 30 ಲಕ್ಷದ್ದಾದ್ದರಿಂದ ಪೂರ್ತಿ ಹಣ ಬರುತ್ತದೆಂದು ಯಾರಾದರೂ ನಂಬುತ್ತಾರೆ. ಆದರೆ ಸರ್ವೇಯರ್ ಲೆಕ್ಕ 9 ಲಕ್ಷಕ್ಕೇ ನಿಲ್ಲುತ್ತದೆ. ಇದಕ್ಕೆ ಪಾಲಿಸಿಯಲ್ಲಿರುವ ಸರಾಸರಿ ಷರತ್ತು, ಅಂದರೆ ಆವರೇಜ್ ಕ್ಲಾಸ್ ಕಾರಣ.

ಸರ್ವೇಯರ್ ಮೊದಲು ಹುಡುಕುವುದು ಬೆಂಕಿ ಬಿದ್ದ ದಿನ ಅಂಗಡಿಯಲ್ಲಿ ಒಟ್ಟು ಎಷ್ಟು ಮಾಲಿತ್ತು ಎಂಬುದನ್ನು. ಏಪ್ರಿಲ್ 1ರಂದು 20 ಲಕ್ಷದ ದಾಸ್ತಾನಿತ್ತು. ಆಮೇಲೆ 60 ಲಕ್ಷದ ಖರೀದಿಯಾಗಿದೆ. ಒಟ್ಟು 80 ಲಕ್ಷ. ಮಾರಾಟ 50 ಲಕ್ಷ. ಅದರಲ್ಲಿ ಶೇ. 20ರಷ್ಟು ಲಾಭ ಕಳೆದರೆ ಮಾರಿದ ಮಾಲಿನ ಅಸಲು 40 ಲಕ್ಷ. ಅಂದರೆ ಅಂಗಡಿಯಲ್ಲಿ 40 ಲಕ್ಷದ ಮಾಲು ಉಳಿದಿರಬೇಕು. ಲೆಕ್ಕ ಹಿಡಿಯುವುದು ಅಸಲು ಬೆಲೆಯಲ್ಲಿ, ಮಾರುವ ಬೆಲೆಯಲ್ಲಲ್ಲ.

40 ಲಕ್ಷದ ಮಾಲಿಗೆ 30 ಲಕ್ಷದ ವಿಮೆ ಎಂದರೆ ಮುಕ್ಕಾಲು ಭಾಗಕ್ಕೆ ಮಾತ್ರ ಪ್ರೀಮಿಯಂ ಕಟ್ಟಿದಂತೆ. ಉಳಿದ ಕಾಲುಭಾಗಕ್ಕೆ ಮಾಲೀಕರೇ ಹೊಣೆ. ಸುಟ್ಟದ್ದು ಯಾವ ಭಾಗ ಎಂದು ಬೇರ್ಪಡಿಸಲು ಆಗದ್ದರಿಂದ ಪ್ರತಿ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಹಂಚುತ್ತಾರೆ. 12 ಲಕ್ಷದ ಮುಕ್ಕಾಲು 9 ಲಕ್ಷ. ಪಾಲಿಸಿಯ ಪ್ರಕಾರ ವಿಮೆದಾರರೇ ಭರಿಸಬೇಕಾದ ಒಂದಿಷ್ಟು ಮೊತ್ತವೂ ಇದರಲ್ಲಿ ಕಳೆಯುತ್ತದೆ. ಅಂಗಡಿ ಪೂರ್ತಿ ಸುಟ್ಟಿದ್ದರೆ 40 ಲಕ್ಷದ ಮುಕ್ಕಾಲು, ಅಂದರೆ 30 ಲಕ್ಷ ಸಿಗುತ್ತಿತ್ತು. ಹಾಗಾಗಿ ಈ ಷರತ್ತು ಅನಿರೀಕ್ಷಿತವಾಗಿ ಕಾಡುವುದು ಅರ್ಧಂಬರ್ಧ ಸುಟ್ಟಾಗಲೇ.

2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಒಂದು ರಿಯಾಯಿತಿ ಇದೆ. ವಿಮೆಯ ಕೊರತೆ ಶೇ. 15ರೊಳಗಿದ್ದರೆ ಕಡಿತ ಮಾಡುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮಾಲೀಕರು 34 ಲಕ್ಷಕ್ಕೆ ವಿಮೆ ಮಾಡಿಸಿದ್ದರೂ ಸಾಕಿತ್ತು. ಕೊರತೆ ಶೇ. 25 ಆದದ್ದರಿಂದ ಆ ಅನುಕೂಲ ತಪ್ಪಿತು.

ತಪ್ಪಾಗುವುದು ಹೆಚ್ಚಾಗಿ ಎರಡು ಕಡೆ. ವಿಮೆ ಮಾಡಿಸಿದಾಗ ಇದ್ದ ದಾಸ್ತಾನನ್ನೇ ವರ್ಷವಿಡೀ ನೆಚ್ಚಿಕೊಳ್ಳುವುದು ಒಂದು. ಬ್ಯಾಂಕ್ ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿ ಸುಮ್ಮನಾಗುವುದು ಇನ್ನೊಂದು. ಹೆಚ್ಚು ಸಾಲಕ್ಕಾಗಿ ಬ್ಯಾಂಕಿಗೆ ದಾಸ್ತಾನು ಜಾಸ್ತಿ ತೋರಿಸಿದ್ದರೆ, ಆ ಕಾಗದವೇ ಕ್ಲೇಮಿನ ಸಮಯದಲ್ಲಿ ಎದುರು ನಿಲ್ಲುತ್ತದೆ.

ಹಬ್ಬದ ಸರಕು ಇಳಿಸುವ ಮುನ್ನ ಅಸಲು ಬೆಲೆಯಲ್ಲಿ ದಾಸ್ತಾನು ಎಷ್ಟಾಗುತ್ತದೆಂದು ಲೆಕ್ಕ ಹಾಕಿ. ಪಾಲಿಸಿಯ ಮೊತ್ತ ಸಾಲದಿದ್ದರೆ ನಡುವೆಯೇ ಹೆಚ್ಚಿಸಿಕೊಡುವಂತೆ ಕಂಪನಿಗೆ ಬರೆದು ಕೊಡಿ. ಖರೀದಿ ಬಿಲ್ಲು, ಲೆಕ್ಕಪತ್ರಗಳ ಒಂದು ಪ್ರತಿಯನ್ನು ಅಂಗಡಿಯ ಹೊರಗೆ ಇಡಿ.